‘ಗುಣಮುಖರಾಗಿ’ ಮತ್ತು ‘ಚೆನ್ನಾಗಿರಿ’: ಚೇತರಿಸಿಕೊಳ್ಳುತ್ತಿರುವ ಸಹೋದ್ಯೋಗಿಗೆ ಬರೆಯುವ ಹುಟ್ಟುಹಬ್ಬದ ಹಾರೈಕೆಯಲ್ಲಿ ವಿಧ್ಯರ್ಥದ ಬಳಕೆ

1. ಸಮಸ್ಯೆಯ ಸ್ವರೂಪ

ಕನ್ನಡದಲ್ಲಿ ಹುಟ್ಟುಹಬ್ಬದ ಹಾರೈಕೆಗೆ ಒಂದು ಸಿದ್ಧ ನುಡಿಗಟ್ಟಿದೆ. ‘ದೇವರು ನಿಮಗೆ ಆಯುರಾರೋಗ್ಯ ಕೊಟ್ಟು ಕಾಪಾಡಲಿ’ ಎಂಬುದು ಅದರ ಸಾಮಾನ್ಯ ರೂಪ. ಆರೋಗ್ಯದಿಂದಿರುವವರಿಗೆ ಇದನ್ನು ಹೇಳಿದಾಗ ‘ಆಯುಸ್ಸು’, ‘ಆರೋಗ್ಯ’ ಎಂಬ ಪದಗಳ ಬಿಡಿ ಅರ್ಥವನ್ನು ಹೇಳುವವರೂ ಕೇಳುವವರೂ ಗಮನಿಸುವುದಿಲ್ಲ. ಇಡೀ ವಾಕ್ಯವು ‘ನಿಮ್ಮ ಹುಟ್ಟುಹಬ್ಬ ನಮಗೆ ನೆನಪಿದೆ’ ಎಂಬ ಒಂದೇ ಕೆಲಸವನ್ನು ಮಾಡುತ್ತದೆ. ಇದೇ ವಾಕ್ಯವನ್ನು ಶಸ್ತ್ರಚಿಕಿತ್ಸೆಯ ನಂತರ ಮನೆಯಲ್ಲಿ ಚೇತರಿಸಿಕೊಳ್ಳುತ್ತಿರುವ ಸಹೋದ್ಯೋಗಿಗೆ ಬರೆದಾಗ ಸವೆದುಹೋಗಿದ್ದ ಅರ್ಥ ಮತ್ತೆ ಜೀವ ತಳೆಯುತ್ತದೆ. ‘ಆರೋಗ್ಯ ಕೊಡಲಿ’ ಎಂದರೆ ಈಗ ಅದು ಇಲ್ಲ ಎಂದೂ, ‘ಆಯುಸ್ಸು ಕೊಡಲಿ’ ಎಂದರೆ ಅದರ ಬಗ್ಗೆ ಸಂಶಯವಿದೆ ಎಂದೂ ಓದಿಕೊಳ್ಳಲು ಅವಕಾಶವಾಗುತ್ತದೆ. ಪದಗಳು ಅವೇ, ವ್ಯಾಕರಣ ಅದೇ. ಓದುಗನ ಸ್ಥಿತಿಯಷ್ಟೇ ಬೇರೆ.

ಆದ್ದರಿಂದ ಇಂಥ ಸಂದೇಶವನ್ನು ಬರೆಯುವವರ ಮುಂದಿರುವ ಪ್ರಶ್ನೆ ಕೇವಲ ಸೌಜನ್ಯದ್ದಲ್ಲ, ಭಾಷೆಯದೂ ಹೌದು. ಕಾಯಿಲೆಯ ಹೆಸರನ್ನು ಬಿಟ್ಟುಬಿಟ್ಟ ಮಾತ್ರಕ್ಕೆ ವಾಕ್ಯದಿಂದ ಕಾಯಿಲೆ ಹೊರಟುಹೋಗುತ್ತದೆಯೆ? ಪ್ರಸ್ತುತ ಲೇಖನದಲ್ಲಿ ನಾವು ಹಾಗಾಗುವುದಿಲ್ಲವೆಂದು ವಾದಿಸುತ್ತೇವೆ. ಕಾಯಿಲೆಯನ್ನು ಒಳಗೆ ತರುವುದು ಹೆಚ್ಚಾಗಿ ಕ್ರಿಯಾಪದದ ಆಯ್ಕೆ ಮತ್ತು ವಿಧ್ಯರ್ಥದ ರೂಪ. ಹಾಗೆಯೇ ಅದನ್ನು ಸಂದೇಶದ ಹಿನ್ನೆಲೆಯಲ್ಲಿ ನಿಲ್ಲಿಸುವ ಸಾಧನಗಳೂ ಕನ್ನಡದ ವಿಧ್ಯರ್ಥದಲ್ಲಿಯೇ ಇವೆ. ನಿದರ್ಶನಕ್ಕೆ ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಬರಗೂರು ಹಾಗೂ ಅದರ ಸುತ್ತಣ ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಯ ಬಳಕೆಯನ್ನು ಇಟ್ಟುಕೊಂಡಿದ್ದೇವೆ. ಸಂದೇಶಗಳು ವಿಶ್ಲೇಷಣೆಗಾಗಿ ನಾವೇ ರಚಿಸಿದವು. ಯಾವ ವ್ಯಕ್ತಿಯ ಪತ್ರದಿಂದಲೂ ತೆಗೆದವಲ್ಲ.

2. ‘ಆಗು’ ಮತ್ತು ‘ಇರು’

ಚೇತರಿಕೆಯನ್ನು ಹೇಳುವ ನುಡಿಗಳು ಈ ಸೀಮೆಯಲ್ಲಿ ಹಲವಿವೆ. ಬರಹದಲ್ಲಿ ‘ಗುಣಮುಖರಾಗು’, ‘ಚೇತರಿಸಿಕೊಳ್ಳು’ ಎಂಬವು ಬಂದರೆ, ಮಾತಿನಲ್ಲಿ ‘ವಾಸಿಯಾಗು’, ‘ಹುಷಾರಾಗು’ ಎಂಬವು ಬರುತ್ತವೆ. ‘ವಾಸಿ’ ಎಂಬ ಪದಕ್ಕೆ ‘ಮೇಲು’ ಎಂಬ ತೌಲನಿಕ ಅರ್ಥವೂ ಇದೆ (‘ಇದಕ್ಕಿಂತ ಅದೇ ವಾಸಿ’). ಪಾರಸಿ ಮೂಲದ ‘ಹುಷಾರು’ ಎಂಬ ಪದಕ್ಕೆ ಎಚ್ಚರ, ಜಾಣತನ, ಮೈ ನೆಟ್ಟಗಿರುವುದು ಎಂಬ ಮೂರೂ ಅರ್ಥಗಳಿವೆ. ವ್ಯುತ್ಪತ್ತಿ ಬೇರೆಬೇರೆಯಾದರೂ ಇವೆಲ್ಲ ಸ್ಥಿತಿಯ ಬದಲಾವಣೆಯನ್ನು ಹೇಳುವ ಕ್ರಿಯೆಗಳು. ಇಂಥ ಕ್ರಿಯೆಗಳು ಹಿಂದಿನ ಸ್ಥಿತಿಯೊಂದನ್ನು ಪೂರ್ವಗೃಹೀತವಾಗಿ, ಅಂದರೆ ಹೇಳದೆಯೇ ಒಪ್ಪಿಕೊಂಡ ಸಂಗತಿಯಾಗಿ ಹೊತ್ತಿರುತ್ತವೆ.

ಇದನ್ನು ಪರೀಕ್ಷಿಸುವ ವಿಧಾನ ಎಲ್ಲರಿಗೂ ಪರಿಚಿತ. ‘ಅವರು ಗುಣಮುಖರಾದರು’, ‘ಅವರು ಗುಣಮುಖರಾಗಲಿಲ್ಲ’, ‘ಅವರು ಗುಣಮುಖರಾದರೆ?’ ಎಂಬ ಮೂರು ವಾಕ್ಯಗಳು ಪ್ರತಿಪಾದನೆ, ನಿಷೇಧ, ಪ್ರಶ್ನೆ ಎಂದು ಬೇರೆಯಾದರೂ ‘ಅವರಿಗೆ ಕಾಯಿಲೆಯಿತ್ತು’ ಎಂಬುದು ಮೂರರಲ್ಲಿಯೂ ಉಳಿಯುತ್ತದೆ. ವಿಧ್ಯರ್ಥಕ್ಕೆ ತಿರುಗಿಸಿದರೂ ಅದು ಅಳಿಯುವುದಿಲ್ಲ. ‘ಗುಣಮುಖರಾಗಿ’ ಎಂಬ ಒಂದೇ ಪದ ‘ನೀವು ಈಗ ಕಾಯಿಲೆಯಲ್ಲಿದ್ದೀರಿ’ ಎಂಬುದನ್ನು ವಾದಕ್ಕೆ ಎಡೆಯಿಲ್ಲದಂತೆ ಮುಂದಿಡುತ್ತದೆ. ಓದುಗ ಅದನ್ನು ಅಲ್ಲಗಳೆಯಬೇಕಾದರೆ ಹಾರೈಕೆಯನ್ನೇ ತಿರಸ್ಕರಿಸಬೇಕಾಗುತ್ತದೆ. ‘ಮೊದಲಿನಂತಾಗಿ’ ಎಂಬುದು ಇನ್ನೂ ಕಠಿಣ, ಏಕೆಂದರೆ ಅದು ‘ನೀವೀಗ ಮೊದಲಿನ ಮನುಷ್ಯರಲ್ಲ’ ಎಂಬುದನ್ನು ಪೂರ್ವಗೃಹೀತವಾಗಿಸುತ್ತದೆ.

ಇದಕ್ಕೆ ಎದುರಾಗಿ ‘ಇರು’ ಧಾತುವಿನ ರೂಪಗಳನ್ನು ನೋಡಬಹುದು. ‘ಚೆನ್ನಾಗಿರಿ’, ‘ಆರೋಗ್ಯವಾಗಿರಿ’ ಎಂಬವು ಸ್ಥಿತಿಯನ್ನು ಹೇಳುತ್ತವೆ, ಬದಲಾವಣೆಯನ್ನು ಹೇಳುವುದಿಲ್ಲ. ಈಗ ಚೆನ್ನಾಗಿರುವವರಿಗೆ ‘ಹೀಗೆಯೇ ಮುಂದುವರಿಯಿರಿ’ ಎಂದೂ, ಚೆನ್ನಾಗಿಲ್ಲದವರಿಗೆ ‘ಮುಂದೆ ಚೆನ್ನಾಗಿರಿ’ ಎಂದೂ ಅವು ಹೊಂದಿಕೊಳ್ಳುತ್ತವೆ. ಯಾವ ಅರ್ಥವನ್ನು ತೆಗೆದುಕೊಳ್ಳಬೇಕೆಂಬ ಆಯ್ಕೆ ಓದುಗನಿಗೆ ಉಳಿಯುತ್ತದೆ. ‘ಆರೋಗ್ಯವಂತರಾಗಿ’ ಮತ್ತು ‘ಆರೋಗ್ಯವಾಗಿರಿ’ ಎಂಬವುಗಳ ನಡುವಿನ ಅಂತರ ಇಷ್ಟೇ. ಆದರೆ ಹಾಸಿಗೆಯ ಮೇಲೆ ಕುಳಿತು ಓದುವವರಿಗೆ ಇದು ಸಣ್ಣ ಅಂತರವಲ್ಲ.

‘ಆಗು’ ಇದ್ದಲ್ಲೆಲ್ಲ ತೊಡಕಿದೆಯೆಂದು ಇದರಿಂದ ತೀರ್ಮಾನಿಸಬಾರದು. ‘ನಿಮಗೆ ಒಳ್ಳೆಯದಾಗಲಿ’ ಎಂಬಲ್ಲಿ ‘ಆಗು’ ಎಂದರೆ ‘ಸಂಭವಿಸು’. ಅಲ್ಲಿ ಕರ್ತೃವಾಗಿರುವುದು ‘ಒಳ್ಳೆಯದು’. ಚತುರ್ಥಿಯಲ್ಲಿರುವ ‘ನಿಮಗೆ’ ಬದಲಾಗಬೇಕಾದ ವಸ್ತುವಲ್ಲ, ಒಳಿತು ಬಂದು ಸೇರುವ ನೆಲೆ. ಆದ್ದರಿಂದ ಅದರಿಂದ ಕಾಯಿಲೆಯ ಪೂರ್ವಗೃಹೀತ ಹುಟ್ಟುವುದಿಲ್ಲ.

3. ವಿಧ್ಯರ್ಥದ ಮೂರು ರೂಪಗಳು

ನಮ್ಮ ಶಾಲಾ ವ್ಯಾಕರಣಗಳು ಆಜ್ಞೆ, ಹಾರೈಕೆ, ಆಶೀರ್ವಾದ, ಸಮ್ಮತಿಗಳನ್ನೆಲ್ಲ ‘ವಿಧ್ಯರ್ಥ’ ಎಂಬ ಒಂದೇ ಹೆಸರಿನಡಿ ಸೇರಿಸಿ, ಪುರುಷಕ್ಕನುಗುಣವಾಗಿ ರೂಪಗಳನ್ನು ಪಟ್ಟಿ ಮಾಡುತ್ತವೆ: ಅನ್ಯಪುರುಷಕ್ಕೆ ‘ಹೋಗಲಿ’, ಮಧ್ಯಮ ಪುರುಷಕ್ಕೆ ‘ಹೋಗು, ಹೋಗಿರಿ’, ಉತ್ತಮ ಪುರುಷ ಬಹುವಚನಕ್ಕೆ ‘ಹೋಗೋಣ’. ರೂಪರಚನೆಯ ದೃಷ್ಟಿಯಿಂದ ಈ ವರ್ಗೀಕರಣ ಸರಿ. ಆದರೆ ನಮ್ಮ ಸಂದರ್ಭದಲ್ಲಿ ಈ ಮೂರೂ ಮೂರು ಬೇರೆ ಕೆಲಸಗಳನ್ನು ಮಾಡುತ್ತವೆ.

ಮಧ್ಯಮ ಪುರುಷದ ‘-ಇರಿ’ ರೂಪವು ಕೇಳುಗನ ಮೇಲೆ ಹೊಣೆ ಹೊರಿಸುತ್ತದೆ. ಕ್ರಿಯೆಯು ಕೇಳುಗನ ವಶದಲ್ಲಿದ್ದರೆ ಅದು ವಿನಂತಿ ಅಥವಾ ಆಜ್ಞೆ, ವಶದಲ್ಲಿಲ್ಲದಿದ್ದರೆ ಹಾರೈಕೆ. ‘ನೂರು ಕಾಲ ಬಾಳಿರಿ’ ಎಂಬುದನ್ನು ಯಾರೂ ಆಜ್ಞೆಯೆಂದು ತಿಳಿಯುವುದಿಲ್ಲ. ಚೇತರಿಕೆಯ ಕ್ರಿಯೆಗಳಾದರೋ ಈ ಎರಡರ ನಡುವೆ ನಿಲ್ಲುತ್ತವೆ. ‘ಆರೋಗ್ಯ ನೋಡಿಕೊಳ್ಳಿ’, ‘ಸುಧಾರಿಸಿಕೊಳ್ಳಿ’, ‘ಧೈರ್ಯ ತಂದುಕೊಳ್ಳಿ’ ಎಂಬವುಗಳಲ್ಲಿ ಬರುವ ‘ಕೊಳ್ಳು’ ಕ್ರಿಯೆಯ ಫಲವನ್ನು ಕರ್ತೃವಿನ ಕಡೆಗೆ ತಿರುಗಿಸುತ್ತದೆ. ಜೊತೆಗೆ ಕರ್ತೃವಿನ ಪ್ರಯತ್ನವನ್ನೂ ಸೂಚಿಸುತ್ತದೆ. ಹೀಗಾಗಿ ಪ್ರೀತಿಯಿಂದ ಬರೆದ ‘ನೋಡಿಕೊಳ್ಳಿ’ ಎಂಬುದನ್ನು ‘ಇದುವರೆಗೆ ನೋಡಿಕೊಳ್ಳಲಿಲ್ಲ’ ಎಂಬ ಸೂಚ್ಯಾರ್ಥದೊಡನೆ ಓದಲು ಸಾಧ್ಯವಾಗುತ್ತದೆ. ಅದರ ಹಿಂದೆ ‘ಇನ್ನು ಮೇಲಾದರೂ’ ಎಂದು ಸೇರಿಸಿದರೆ ಸೂಚ್ಯವಾಗಿದ್ದುದು ವಾಚ್ಯವೇ ಆಗುತ್ತದೆ.

ಅನ್ಯಪುರುಷದ ‘-ಲಿ’ ರೂಪವು ಕೇಳುಗನನ್ನು ಹೊಣೆಯಿಂದ ಬಿಡಿಸುತ್ತದೆ. ‘ಒಳ್ಳೆಯದಾಗಲಿ’, ‘ಈ ವರ್ಷ ನೆಮ್ಮದಿ ತರಲಿ’ ಎಂಬಲ್ಲಿ ಕೆಲಸ ಮಾಡಬೇಕಾದುದು ವರ್ಷ, ದೇವರು ಅಥವಾ ಒಳಿತು. ಆದರೆ ಇದಕ್ಕೆ ಬೇರೊಂದು ಮಿತಿಯಿದೆ. ಜಾನ್ ಸರ್ಲ್ 1969ರಲ್ಲಿ ಪ್ರಕಟಿಸಿದ ವಾಕ್‌ಕ್ರಿಯೆಗಳ ಕುರಿತ ಗ್ರಂಥದಲ್ಲಿ ಪ್ರತಿ ವಾಕ್‌ಕ್ರಿಯೆಗೂ ಸಿದ್ಧತೆಯ ಷರತ್ತುಗಳಿರುತ್ತವೆಂದು ತೋರಿಸಿದರು. ಆ ಕ್ರಮವನ್ನು ಹಾರೈಕೆಗೆ ಅನ್ವಯಿಸಿದರೆ, ಹಾರೈಸಿದ ಸಂಗತಿ ಖಚಿತವಲ್ಲ ಎಂಬುದು ಅದರ ಒಂದು ಷರತ್ತೆಂದು ನಾವು ಹೇಳಬಹುದು. ನಾಳೆ ಸೂರ್ಯ ಹುಟ್ಟಲಿ ಎಂದು ಯಾರೂ ಹಾರೈಸುವುದಿಲ್ಲ. ಆದ್ದರಿಂದ ‘ನೀವು ಮತ್ತೆ ಶಾಲೆಗೆ ಬರುವಂತಾಗಲಿ’ ಎಂಬುದು ಎಷ್ಟೇ ಮೃದುವಾಗಿದ್ದರೂ, ಬರುವುದು ಖಚಿತವಲ್ಲವೆಂದು ಒಪ್ಪಿಕೊಂಡೇ ಮಾತನಾಡುತ್ತದೆ.

ಮೂರನೆಯದು ‘-ಓಣ’ ರೂಪ. ಕನ್ನಡದ ‘ನಾವು’ ಕೇಳುಗನನ್ನು ಒಳಗೊಳ್ಳಬಹುದು, ಬಿಡಲೂಬಹುದು. ‘-ಓಣ’ ಮಾತ್ರ ಸಾಮಾನ್ಯವಾಗಿ ಕೇಳುಗನನ್ನು ಒಳಗೊಂಡೇ ಇರುತ್ತದೆ. ‘ನೀವು ಇಲ್ಲೇ ಇರಿ, ನಾವು ಹೋಗೋಣ’ ಎಂದು ಉಳಿಯುವವರಿಗೇ ಹೇಳಿದರೆ ವಾಕ್ಯ ಅಸಹಜವಾಗುತ್ತದೆ. ಆಂಧ್ರದ ನೆಲದಿಂದ ಬಹುಪಾಲು ಸುತ್ತುವರಿದ ಪಾವಗಡದಲ್ಲಿಯೂ ಮಧುಗಿರಿಯ ಗಡಿಯಲ್ಲಿಯೂ ಕನ್ನಡದ ಜೊತೆಗೆ ತೆಲುಗನ್ನು ಆಡುವವರಿಗೆ ಈ ಭೇದ ಇನ್ನಷ್ಟು ಸ್ಪಷ್ಟ. ಕೇಳುಗನನ್ನು ಬಿಟ್ಟ ‘ಮೇಮು’, ಕೇಳುಗನನ್ನು ಕೂಡಿದ ‘ಮನಮು’ ಎಂದು ತೆಲುಗಿನಲ್ಲಿ ಸರ್ವನಾಮವೇ ಎರಡಾಗಿದೆ; ‘ಪೋದಾಂ’ ಎಂಬ ರೂಪ ಎರಡನೆಯದರ ಜೊತೆಗೇ ಬರುತ್ತದೆ. ಸರ್ವನಾಮದಲ್ಲಿ ತೋರದ ಭೇದವನ್ನು ಕನ್ನಡ ಕ್ರಿಯಾರೂಪದಲ್ಲಿ ತೋರುತ್ತದೆ. ಫಲಿತಾಂಶವೇನೆಂದರೆ, ‘ಹೋಗೋಣ’ ಎಂಬ ಪದವು ಓದುಗನನ್ನು ಮುಂದಿನ ಕಾರ್ಯವೊಂದರ ಪಾಲುದಾರನೆಂದು ಸಹಜವಾಗಿಯೇ ಎಣಿಸುತ್ತದೆ. ಚೇತರಿಕೆಯನ್ನು ಹಾರೈಸುವ ಬದಲು ಅದನ್ನು ಪೂರ್ವಗೃಹೀತವಾಗಿಸುತ್ತದೆ. ‘ಗುಣಮುಖರಾಗಿ’ ಎಂಬುದು ಕಾಯಿಲೆಯನ್ನು ಪೂರ್ವಗೃಹೀತವಾಗಿಸಿ ಚೇತರಿಕೆಯನ್ನು ಹಾರೈಸಿದರೆ, ‘ಹೋಗೋಣ’ ಎಂಬುದು ಚೇತರಿಕೆಯನ್ನು ಪೂರ್ವಗೃಹೀತವಾಗಿಸಿ ಪ್ರವಾಸವನ್ನು ಸೂಚಿಸುತ್ತದೆ.

4. ಒಂದು ಸಂದೇಶದ ಮೂರು ಕರಡುಗಳು

ಬರಗೂರು ಸೀಮೆಯ ಪ್ರೌಢಶಾಲೆಯೊಂದನ್ನು ಊಹಿಸಿಕೊಳ್ಳೋಣ. ಇತಿಹಾಸ ಕಲಿಸುವ ಹಿರಿಯ ಶಿಕ್ಷಕರೊಬ್ಬರು ಚಿಕಿತ್ಸೆ ಮುಗಿಸಿ ಊರಿಗೆ ಮರಳಿದ್ದಾರೆ. ಕೆಲವು ವಾರಗಳ ವಿಶ್ರಾಂತಿ ಬೇಕಾಗಿದೆ. ಮರಳಿ ಬರುವುದರಲ್ಲಿ ವೈದ್ಯರಿಗೆ ಅನುಮಾನವಿಲ್ಲ. ಈ ನಡುವೆ ಅವರ ಹುಟ್ಟುಹಬ್ಬ ಬಂದಿದೆ. ಶಿಕ್ಷಕರ ಕೊಠಡಿಯ ಕಿರಿಯರೆಲ್ಲ ಸೇರಿ ಒಂದು ಸಂದೇಶ ಕಳಿಸಬೇಕು. ಮೊದಲನೆಯ ಕರಡು ಹೀಗಿದೆ:

(1) ಪ್ರೀತಿಯ ಸರ್, ಹುಟ್ಟುಹಬ್ಬದ ಶುಭಾಶಯಗಳು. ನಿಮ್ಮ ಕಾಯಿಲೆಯ ವಿಷಯ ಕೇಳಿ ನಮಗೆಲ್ಲ ಬಹಳ ನೋವಾಯಿತು. ಧೈರ್ಯವಾಗಿರಿ. ಬೇಗ ಗುಣಮುಖರಾಗಿ ಮೊದಲಿನಂತಾಗಿ. ಇನ್ನು ಮೇಲಾದರೂ ಆರೋಗ್ಯ ನೋಡಿಕೊಳ್ಳಿ.

ಐದು ವಾಕ್ಯಗಳಲ್ಲಿ ಹುಟ್ಟುಹಬ್ಬಕ್ಕೆ ದೊರೆತದ್ದು ಒಂದು. ಅದೂ ಕ್ರಿಯಾಪದವಿಲ್ಲದ ನಾಮವಾಕ್ಯ. ಉಳಿದ ನಾಲ್ಕೂ ಕಾಯಿಲೆಯ ಸುತ್ತ ಸುತ್ತುತ್ತವೆ. ಎರಡನೆಯ ವಾಕ್ಯದಲ್ಲಿ ಅನುಭವಿಯು ‘ನಮಗೆ’; ನೋವು ಕಾಯಿಲೆಯವರದಾಗಿರದೆ ಬರೆಯುವವರದಾಗಿದೆ. ಅದಕ್ಕೆ ಸಮಾಧಾನ ಹೇಳುವ ಹೊಣೆ ಈಗ ಓದುವವರ ಮೇಲೆ ಬೀಳುತ್ತದೆ. ‘ಧೈರ್ಯವಾಗಿರಿ’ ಎಂಬಲ್ಲಿ ‘ಇರು’ ಇದ್ದರೂ ‘ಧೈರ್ಯ’ ಎಂಬ ಪದಕ್ಕೆ ಭಯದ ಕಾರಣವೊಂದು ಬೇಕು. ಕಾರಣವಿಲ್ಲದೆ ಯಾರೂ ಧೈರ್ಯ ಹೇಳುವುದಿಲ್ಲ. ‘ಬೇಗ’ ಎಂಬುದು ತಡವಾಗುತ್ತಿದೆ ಎಂಬ ಭಾವನೆಗೆ ಎಡೆಮಾಡುತ್ತದೆ. ಕಡೆಯ ವಾಕ್ಯ ಕಿರಿಯರ ಬಾಯಲ್ಲಿ ಹಿರಿಯರಿಗೆ ಬುದ್ಧಿವಾದವಾಗುತ್ತದೆ. ಬರೆದವರ ಅಕ್ಕರೆಯಲ್ಲಿ ಕೊರತೆಯಿಲ್ಲ. ಅಕ್ಕರೆಯನ್ನು ಹೊತ್ತ ರೂಪಗಳು ಬೇರೆ ಸಂಗತಿಗಳನ್ನೂ ಹೊತ್ತಿವೆ.

ಇದನ್ನು ಕಂಡು ಎಲ್ಲವನ್ನೂ ಅಳಿಸಿದರೆ ಎರಡನೆಯ ಕರಡು ಸಿಗುತ್ತದೆ:

(2) ಸರ್, ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು. ಈ ವರ್ಷ ನಿಮ್ಮ ಕನಸುಗಳೆಲ್ಲ ನನಸಾಗಲಿ.

ಇಲ್ಲಿ ಕಾಯಿಲೆಯ ಸುಳಿವಿಲ್ಲ. ಆದರೆ ಸಂದೇಶವು ಯಾರು ಯಾರಿಗೆ ಬೇಕಾದರೂ ಕಳಿಸಬಹುದಾದಂಥದು. ದಿನವೂ ಒಂದೇ ಕೊಠಡಿಯಲ್ಲಿ ಕೂರುತ್ತಿದ್ದವರು ಕೆಲವು ವಾರಗಳಿಂದ ಕಾಣದಿರುವಾಗ, ಅದು ಎರಡೂ ಕಡೆಗೆ ತಿಳಿದಿರುವಾಗ, ಈ ಮಿತ ಮಾತು ಅಗತ್ಯಕ್ಕಿಂತ ಕಡಿಮೆಯಾಗುತ್ತದೆ. ಸಂಭಾಷಣೆಗೆ ಬೇಕಾದಷ್ಟು ಮಾಹಿತಿಯನ್ನು ಕೊಡಬೇಕೆಂಬ ಗ್ರೈಸ್ ಅವರ ಪರಿಮಾಣ ಸೂತ್ರವನ್ನು ಮೀರಿದಾಗ ಕೇಳುಗ ಕಾರಣವನ್ನು ಹುಡುಕುತ್ತಾನೆ. ಇಲ್ಲಿ ಸಿಗುವ ಕಾರಣಗಳು ಎರಡೇ: ಇವರಿಗೆ ನೆನಪಿಲ್ಲ, ಅಥವಾ ಹೇಳಲಾರದಷ್ಟು ದೊಡ್ಡ ಸಂಗತಿಯೇನೋ ಇದೆ. ಎರಡೂ ಬೇಡವಾದವು. ಆದ್ದರಿಂದ ಕಾಯಿಲೆಯ ಬಗ್ಗೆ ಮೌನವಾಗಿರುವುದು ಬೇರೆ, ವ್ಯಕ್ತಿಯ ಬಗ್ಗೆ ಮೌನವಾಗಿರುವುದು ಬೇರೆ ಎಂಬ ಭೇದ ಮುಖ್ಯವಾಗುತ್ತದೆ. ಮೊದಲನೆಯ ಮೌನದಿಂದ ತೆರವಾದ ಜಾಗವನ್ನು ಆ ವ್ಯಕ್ತಿಗೇ ಸಲ್ಲುವ ವಿವರಗಳು ತುಂಬಬೇಕು.

ಮೂರನೆಯ ಕರಡು ಹಾಗೆ ಮಾಡುತ್ತದೆ:

(3) ಮೇಷ್ಟ್ರೇ, ಶಾಲೆಯ ದಾಖಲೆಯ ಪ್ರಕಾರ ಇವತ್ತು ನಿಮ್ಮ ಹುಟ್ಟುಹಬ್ಬ. ನಿಜವಾದ ದಿನ ಯಾವುದೆಂದು ನಿಮ್ಮ ತಾಯಿಗೂ ನೆನಪಿರಲಿಲ್ಲವೆಂದು ನೀವೇ ಹೇಳಿದ್ದಿರಿ. ಆದ್ದರಿಂದ ದಾಖಲೆಯನ್ನೇ ನಂಬಿ ಶುಭಾಶಯ ಹೇಳುತ್ತಿದ್ದೇವೆ. ಶಾಸನಗಳ ಪಾಠವನ್ನು ಮಕ್ಕಳು ನಿಮ್ಮಿಂದಲೇ ಕೇಳುತ್ತಾರಂತೆ. ಅದನ್ನು ಹಾಗೆಯೇ ಉಳಿಸಿದ್ದೇವೆ. ಈ ಸಲ ಎಲ್ಲರೂ ಸೇರಿ ಮಧುಗಿರಿ ಕೋಟೆ ನೋಡಲು ಹೋಗೋಣ. ದಿನ ನೀವೇ ಗೊತ್ತುಮಾಡಿ, ಅವಸರವಿಲ್ಲ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ. ಉತ್ತರ ಬರೆಯುವ ಶ್ರಮ ಬೇಡ, ಭಾನುವಾರ ನಾವೇ ಬರುತ್ತೇವೆ. ಚೆನ್ನಾಗಿರಿ.

ಸಂಬೋಧನೆಯಿಂದ ಆರಂಭಿಸೋಣ. ‘ಸರ್’ ಎಂಬುದು ಹುದ್ದೆಯನ್ನು ಕರೆದರೆ ‘ಮೇಷ್ಟ್ರೇ’ ಎಂಬುದು ಈ ಸೀಮೆಯಲ್ಲಿ ಗೌರವ ಮತ್ತು ಸಲಿಗೆ ಎರಡನ್ನೂ ಕೂಡಿಸುತ್ತದೆ. ದಾಖಲೆಯ ಹುಟ್ಟುಹಬ್ಬದ ಮಾತು ಹಳ್ಳಿಗಾಡಿನ ಹಿರಿಯ ತಲೆಮಾರಿಗೆ ಚಿರಪರಿಚಿತ: ಶಾಲೆಗೆ ಸೇರಿಸಿಕೊಳ್ಳುವಾಗ ಅಂದಾಜಿನಲ್ಲಿ ಬರೆದ ದಿನವೇ ಎಷ್ಟೋ ಜನರಿಗೆ ಜನ್ಮದಿನವಾಗಿದೆ. ಈ ಮಾತು ಕಾಯಿಲೆಗಿಂತ ಹಿಂದಿನ ಗೆಳೆತನದ್ದು. ‘ನೀವೇ ಹೇಳಿದ್ದಿರಿ’ ಎಂಬುದು ಓದುಗನನ್ನು ರೋಗಿಯಾಗಿ ನೋಡದೆ ಕತೆ ಹೇಳಿದವನಾಗಿ ನಿಲ್ಲಿಸುತ್ತದೆ.

‘ಕೇಳುತ್ತಾರಂತೆ’ ಎಂಬಲ್ಲಿನ ‘ಅಂತೆ’ ಮಾತಿನ ಮೂಲವನ್ನು ಮಕ್ಕಳಿಗೆ ಬಿಟ್ಟುಕೊಡುತ್ತದೆ. ‘ನೀವಿಲ್ಲದೆ ಪಾಠ ನಿಂತಿದೆ’ ಎಂದು ಸಹೋದ್ಯೋಗಿಗಳೇ ಹೇಳಿದ್ದರೆ ಅದು ದೂರಾಗುತ್ತಿತ್ತು. ‘ಅಂತೆ’ ಅದನ್ನು ಮಕ್ಕಳ ಹಟವಾಗಿಸಿದೆ. ‘ಉಳಿಸಿದ್ದೇವೆ’ ಎಂಬ ಕ್ರಿಯೆಗೆ ಮುಂದೆ ಒಪ್ಪಿಸಿಕೊಳ್ಳುವವರೊಬ್ಬರು ಬೇಕು. ಹಾಗಾಗಿ ಮರಳಿ ಬರುವುದು ಚರ್ಚೆಯ ವಿಷಯವಾಗದೆ ತಾನೇ ತಾನಾಗಿ ಗೃಹೀತವಾಗುತ್ತದೆ. ‘ಹೋಗೋಣ’ ಎಂಬುದು ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ. ಆದರೆ ಇಷ್ಟರಲ್ಲಿಯೇ ನಿಲ್ಲಿಸಿದರೆ ಒತ್ತಾಯವಾಗುವ ಅಪಾಯವಿತ್ತು, ಅದೂ ಬೆಟ್ಟ ಹತ್ತುವ ಮಾತು. ‘ದಿನ ನೀವೇ ಗೊತ್ತುಮಾಡಿ, ಅವಸರವಿಲ್ಲ’ ಎಂಬುದು ಕಾಲದ ಅಧಿಕಾರವನ್ನು ಓದುಗನಿಗೆ ಒಪ್ಪಿಸುತ್ತದೆ. (1)ರಲ್ಲಿದ್ದ ‘ಬೇಗ’ ಎಂಬುದಕ್ಕೆ ಇದು ನೇರ ಎದುರು. ಬೆಟ್ಟದ ಮೇಲಿನ ನಗೆಮಾತು ‘ನಿಮಗೆ ದಣಿವಿದೆಯೆಂದು ನಮಗೆ ಗೊತ್ತು’ ಎಂಬುದನ್ನು ಆ ಪದಗಳಿಲ್ಲದೆ ತಿಳಿಸುತ್ತದೆ.

‘ಉತ್ತರ ಬರೆಯುವ ಶ್ರಮ ಬೇಡ’ ಎಂಬುದೂ ಗಮನಾರ್ಹ. ಶುಭಾಶಯಕ್ಕೆ ಧನ್ಯವಾದ ಜೋಡಿಯಾಗಿ ಬರಬೇಕೆಂಬುದು ನಿಯಮ. ಬ್ರೌನ್ ಮತ್ತು ಲೆವಿನ್ಸನ್ 1987ರ ತಮ್ಮ ಗ್ರಂಥದಲ್ಲಿ ವಿವರಿಸಿದಂತೆ, ಋಣವನ್ನು ಹೊರಿಸುವ ಮಾತು ಕೇಳುಗನ ಸ್ವಾತಂತ್ರ್ಯಕ್ಕೆ ತೊಡಕು. ಹಲವು ಸಂದೇಶಗಳು ಒಂದೇ ದಿನ ಬಂದಾಗ ದಣಿದವರಿಗೆ ಆ ಋಣವೇ ಭಾರ. ಕಡೆಯ ‘ಚೆನ್ನಾಗಿರಿ’ ಎಂಬುದರ ಗುಣವನ್ನು ಎರಡನೆಯ ಭಾಗದಲ್ಲಿ ಹೇಳಿದ್ದೇವೆ.

5. ಪರೀಕ್ಷೆಯೂ ಮಿತಿಗಳೂ

ಬರೆದುದನ್ನು ಪರೀಕ್ಷಿಸಲು ಎರಡು ಪ್ರಶ್ನೆಗಳು ಸಾಕು. ಮೊದಲನೆಯದು: ಪ್ರತಿ ವಾಕ್ಯವನ್ನೂ ಆರೋಗ್ಯದಿಂದಿರುವ ಸಹೋದ್ಯೋಗಿಗೆ ಕಳಿಸಿದರೆ ಅದು ನಿಲ್ಲುತ್ತದೆಯೆ? ನಿಲ್ಲದಿದ್ದರೆ ಅಲ್ಲಿ ಕಾಯಿಲೆ ಅಡಗಿದೆ. ಎರಡನೆಯದು: ಇಡೀ ಸಂದೇಶವನ್ನು ಬೇರೆ ಯಾರಿಗಾದರೂ ಕಳಿಸಬಹುದೆ? ಕಳಿಸಬಹುದಾದರೆ ಅಲ್ಲಿ ವ್ಯಕ್ತಿಯಿಲ್ಲ. (1) ಮೊದಲ ಪ್ರಶ್ನೆಯಲ್ಲಿ ಸೋಲುತ್ತದೆ, (2) ಎರಡನೆಯದರಲ್ಲಿ. (3)ರಲ್ಲಿ ಪಾಠ ಉಳಿಸಿದ ಮಾತು ಮತ್ತು ಉತ್ತರ ಬೇಡವೆಂಬ ಮಾತು ಮೊದಲ ಪ್ರಶ್ನೆಗೆ ಪೂರ್ತಿ ನಿಲ್ಲುವುದಿಲ್ಲ. ಆದರೆ ಅವು ಸೂಚಿಸುವುದು ಗೈರುಹಾಜರಿ ಮತ್ತು ವಿಶ್ರಾಂತಿಗಳನ್ನು ಮಾತ್ರ. ಅಷ್ಟು ಇರಬೇಕಾದುದೇ, ಅದೂ ಇಲ್ಲವಾದರೆ (2)ರ ಮೌನ ಮರಳುತ್ತದೆ.

ಆರಂಭದಲ್ಲಿ ಹೇಳಿದ ‘ಆಯುರಾರೋಗ್ಯ’ದ ನುಡಿಗಟ್ಟನ್ನು ಬಳಸಲೇಬಾರದೆ? ಹಾಗೇನಿಲ್ಲ. ಪ್ರತಿ ವರ್ಷವೂ ಅದನ್ನೇ ಹೇಳುತ್ತಿದ್ದವರು ಈ ವರ್ಷ ಬಿಟ್ಟರೆ ಬಿಟ್ಟದ್ದೇ ಕಾಣುತ್ತದೆ. ಅಂಥವರು ಅದನ್ನು ಎಂದಿನ ರೂಪದಲ್ಲಿ, ಎಂದಿನ ಸ್ಥಾನದಲ್ಲಿ, ಹೆಚ್ಚಿನ ವಿಶೇಷಣವಿಲ್ಲದೆ ಹೇಳಬೇಕು. ‘ಮುಖ್ಯವಾಗಿ ಆರೋಗ್ಯ ಕೊಡಲಿ’ ಎಂದು ಒಡೆದ ಕೂಡಲೇ ನುಡಿಗಟ್ಟು ಕಳಚಿ ಪದಗಳು ಬಿಡಿಬಿಡಿಯಾಗಿ ಅರ್ಥ ಕೊಡತೊಡಗುತ್ತವೆ. ಬದಲಾಗದ ರೂಪವೇ ಅದರ ರಕ್ಷಣೆ.

‘-ಓಣ’ ರೂಪಕ್ಕೆ ಇದಕ್ಕಿಂತ ಗಂಭೀರವಾದ ಮಿತಿಯಿದೆ. ಅದು ಚೇತರಿಕೆಯನ್ನು ಗೃಹೀತವಾಗಿಸುವುದರಿಂದ, ಚೇತರಿಕೆ ನಿಜವಾಗಿ ಅನಿಶ್ಚಿತವಾಗಿರುವಲ್ಲಿ ಕೇಳುಗನ ಬಾಯಿ ಕಟ್ಟುತ್ತದೆ. ‘ಹೋಗೋಣ’ ಎಂದವರಿಗೆ ‘ನಾನು ಬರಲಾರೆನೇನೋ’ ಎಂದು ಹೇಳುವ ದುಃಖದ ಕೆಲಸವನ್ನು ಕಾಯಿಲೆಯವರೇ ಮಾಡಬೇಕಾಗುತ್ತದೆ. ಅಂಥ ಸಂದರ್ಭದಲ್ಲಿ ಭವಿಷ್ಯದ ಯೋಜನೆಯನ್ನು ಬಿಟ್ಟು, ಹಿಂದಿನ ನೆನಪನ್ನೂ ‘ಭಾನುವಾರ ಬರುತ್ತೇವೆ’ ಎಂಬಷ್ಟು ಹತ್ತಿರದ, ಬರೆಯುವವರೇ ಪೂರೈಸಬಲ್ಲ ಮಾತನ್ನೂ ಉಳಿಸಿಕೊಳ್ಳುವುದು ಸರಿ.

ಕಡೆಯದಾಗಿ, ಈ ವಿವೇಚನೆ ಬರಹಕ್ಕೆ ಸಂಬಂಧಿಸಿದ್ದು. ಭಾನುವಾರ ಮನೆಯ ಜಗಲಿಯಲ್ಲಿ ಕುಳಿತು ‘ಹೆಂಗಿದೀರಾ ಮೇಷ್ಟ್ರೇ, ವಾಸಿ ಆಯ್ತಾ? ರಾತ್ರಿ ನಿದ್ದೆ ಬರುತ್ತಾ?’ ಎಂದು ನೇರವಾಗಿ ಕೇಳುವುದರಲ್ಲಿ ಯಾವ ಅನೌಚಿತ್ಯವೂ ಇಲ್ಲ. ಕೇಳದಿದ್ದರೇ ಈ ಸೀಮೆಯಲ್ಲಿ ತಪ್ಪು. ಮಾತಿನಲ್ಲಿ ಕೇಳುಗ ತಕ್ಷಣ ಉತ್ತರಿಸಬಹುದು, ವಿಷಯ ತಿರುಗಿಸಬಹುದು, ನಗಬಹುದು. ಬರಹದ ಪೂರ್ವಗೃಹೀತವನ್ನು ಹಾಗೆ ಸರಿಸಲಾಗುವುದಿಲ್ಲ. ಅದು ಹಾಳೆಯ ಮೇಲೆ ಉಳಿದು ಮತ್ತೆ ಮತ್ತೆ ಓದಿಗೆ ಒಳಗಾಗುತ್ತದೆ. ಹಾಗಾಗಿಯೇ ಕಾಯಿಲೆಯ ವಿಚಾರಣೆಯನ್ನು ಭೇಟಿಗೆ ಬಿಟ್ಟು, ಪತ್ರವನ್ನು ಹುಟ್ಟುಹಬ್ಬಕ್ಕೆ ಮೀಸಲಿಡುವ ಹಂಚಿಕೆಗೆ ಭಾಷಿಕವಾದ ಸಮರ್ಥನೆಯೂ ಇದೆ.